ಎಳೆ ತೆಳುವೋ, ಕೂದಲು ಕಡಿಮೆಯೋ?

ಚಿಕ್ಕಬಳ್ಳಾಪುರದ ಕಡೆ ಚರ್ಮದ ವೈದ್ಯರ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ಬಾಚುವಾಗ ಉದುರಿದ ಕೂದಲಿನ ಉಂಡೆ. ಹಳ್ಳಿಗಳಲ್ಲಿ ಈ ಉಂಡೆಗಳನ್ನು ಗೋಡೆಯ ಗೂಡಿನಲ್ಲಿ ಕೂಡಿಟ್ಟು, ಕೂದಲು ಕೊಳ್ಳಲು ಬರುವ ವ್ಯಾಪಾರಿಗೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ರೂಢಿ ಇದೆ. ವ್ಯಾಪಾರಿಗೆ ಬೇಕಾದದ್ದು ಅದರ ತೂಕ. ವೈದ್ಯೆಯಾದ ನನಗೆ ಬೇಕಾದದ್ದು ಒಂದೊಂದು ಎಳೆಯ ಬುಡ ಮತ್ತು ತುದಿ. ಆ ಉಂಡೆಯನ್ನು ಬಿಡಿಸಿ ನೋಡಿದರೆ ಅರ್ಧ ರೋಗಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಮುದ್ದೇನಹಳ್ಳಿಯಿಂದ ಬಂದ ಒಬ್ಬ ತಾಯಿ ಮತ್ತು ಮಗಳ ವಿಷಯವನ್ನೇ ಇವತ್ತು ಹೇಳುತ್ತೇನೆ. ಮಗಳಿಗೆ ಇಪ್ಪತ್ತು ವರ್ಷ, ಕಾಲೇಜಿಗೆ ಹೋಗುವವಳು. ತಾಯಿಯ ತವರು ಶಿಡ್ಲಘಟ್ಟ. ಅಲ್ಲಿ ಅವರ ಅಣ್ಣಂದಿರು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು. ತಾಯಿ ಕುಳಿತ ಕೂಡಲೇ ಕವರ್ ಬಿಚ್ಚಿ ಮೇಜಿನ ಮೇಲಿಟ್ಟರು. "ನೋಡಿ ಡಾಕ್ಟ್ರಮ್ಮ, ಇವಳ ತಲೇಲಿ ಕೂದ್ಲೇ ಇಲ್ಲ. ಇವಳ ವಯಸ್ಸಲ್ಲಿ ನನ್ನ ಜಡೆ ಕೈಗೆ ಸಿಗ್ತಿರಲಿಲ್ಲ. ಮದುವೆಗೆ ಮುಂಚೆ ಏನಾದ್ರೂ ಮಾಡಿಕೊಡಿ" ಎಂದರು. ಮಗಳು ತಲೆ ಬಗ್ಗಿಸಿ ಕುಳಿತಿದ್ದಳು.

ಮೊದಲು ಉಂಡೆ ಬಿಡಿಸಿದೆವು. ಬಿಳಿ ಹಾಳೆಯ ಮೇಲೆ ಎಳೆಗಳನ್ನು ಹರಡಿ ಮೂರು ಗುಂಪು ಮಾಡಬೇಕು. ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಬಿಳಿ ಗಂಟು ಇರುವ ಉದ್ದನೆಯ ಎಳೆಗಳು ಮೊದಲನೆಯ ಗುಂಪು. ಇವು ತಮ್ಮ ಅವಧಿ ಮುಗಿಸಿ ತಾವಾಗಿ ಕಳಚಿಕೊಂಡವು. ಆ ಬಿಳಿ ಗಂಟನ್ನು ನೋಡಿ "ಬೇರು ಸಮೇತ ಕಿತ್ತು ಬಂತು" ಎಂದು ಹೆದರುವವರು ಬಹಳ ಜನ. ಅದು ಬೇರಲ್ಲ. ಕೂದಲು ಹುಟ್ಟುವ ಚೀಲ ಚರ್ಮದೊಳಗೇ ಉಳಿದಿರುತ್ತದೆ, ಮುಂದಿನ ಕೂದಲನ್ನು ಅದೇ ಬೆಳೆಸುತ್ತದೆ. ಎರಡು ತುದಿಯಲ್ಲೂ ಗಂಟಿಲ್ಲದ ತುಂಡುಗಳು ಎರಡನೆಯ ಗುಂಪು. ಅವು ಉದುರಿದವಲ್ಲ, ನಡುವೆ ಮುರಿದವು. ಮೂರನೆಯದನ್ನು ನೋಡಲು ಬೆಳಕು ಚೆನ್ನಾಗಿರಬೇಕು: ಬುಡದಲ್ಲಿ ಗಂಟು ಇದ್ದೂ 3 ಸೆಂಟಿಮೀಟರಿಗಿಂತ ಉದ್ದ ಬೆಳೆಯದ, ತುದಿ ಸಪೂರವಾದ ನವಿರು ಕೂದಲು. ಈ ಮೂರನೆಯ ಗುಂಪು ಉದುರಿದ್ದರಲ್ಲಿ ಹತ್ತಕ್ಕೆ ಒಂದರಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಎಚ್ಚರವಾಗಬೇಕು. ಹಣೆಯ ಮೇಲೆ ಚಿಕ್ಕದಾಗಿ ಕತ್ತರಿಸಿಕೊಂಡ ಕೂದಲಿದ್ದರೆ ಅದನ್ನು ಇದರೊಂದಿಗೆ ಬೆರೆಸಬಾರದು. ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಹೀಗೆ ಮೊನಚಾಗಿರುವುದಿಲ್ಲ.

ಮಗಳ ಉಂಡೆಯಲ್ಲಿ ಇದ್ದದ್ದು ಬಹುಪಾಲು ಮೊದಲನೆಯ ಗುಂಪಿನವು, ಒಂದಿಷ್ಟು ಮುರಿದ ತುಂಡುಗಳು. ಮೂರನೆಯ ಗುಂಪು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಕಳಚುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಿಗೂ ಸಹಜ. ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವವರಿಗೆ ಅಷ್ಟೂ ದಿನದ್ದು ಒಂದೇ ದಿನ ಕೈಗೆ ಬರುತ್ತದೆ. ಬಚ್ಚಲಿನ ಜಾಲರಿ ಕಟ್ಟಿದ್ದನ್ನು ನೋಡಿ ಗಾಬರಿಯಾಗುವವರು ಹಿಂದಿನ ಸ್ನಾನ ಯಾವಾಗ ಆಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಹುಡುಗಿಯ ಕೂದಲು ಅಷ್ಟು ಕಡಿಮೆಯಾಗಿ ಕಾಣುವುದೇಕೆ? ಇದನ್ನು ತಾಯಿಗೆ ತಿಳಿಸಲು ಅವರ ತವರಿನ ಮಾತೇ ನೆರವಿಗೆ ಬಂತು. ಸೀರೆಯ ಹಾಸಿನಲ್ಲಿ ಎರಡು ಸಂಗತಿಗಳಿರುತ್ತವೆ. ಒಂದು ಅಂಗುಲದಲ್ಲಿ ಎಷ್ಟು ಎಳೆ ಕೂರಿಸಿದ್ದಾರೆ ಎಂಬುದು ಒಂದು, ಒಂದೊಂದು ಎಳೆ ಎಷ್ಟು ದಪ್ಪ ಎಂಬುದು ಇನ್ನೊಂದು. ಎಳೆಗಳ ಲೆಕ್ಕ ಒಂದೇ ಇಟ್ಟು ಸಣ್ಣ ನೂಲು ಹಾಕಿದರೆ ಬಟ್ಟೆ ತೆಳ್ಳಗಾಗುತ್ತದೆ. ಹಾಗೆಂದು ಎಳೆ ಕಳಚಿಹೋಗಿದೆ ಎಂದು ಯಾವ ನೇಕಾರನೂ ಹೇಳುವುದಿಲ್ಲ. ಕೂದಲಿಗೂ ಇದೇ ಲೆಕ್ಕ. ನೆತ್ತಿಯ ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕೂದಲು ಹುಟ್ಟಿವೆ ಎಂಬುದು ಒತ್ತು. ಒಂದು ಕೂದಲಿನ ಅಡ್ಡಳತೆ ಎಷ್ಟು ಎಂಬುದು ಎಳೆಯ ದಪ್ಪ. ಎರಡೂ ಬೇರೆ ಬೇರೆ. ಬಹಳ ಒತ್ತಾಗಿದ್ದೂ ನವಿರಾದ ಕೂದಲು ಇರುತ್ತದೆ, ವಿರಳವಾಗಿದ್ದೂ ಒರಟಾದ ಕೂದಲು ಇರುತ್ತದೆ.

ರೇಷ್ಮೆಯವರು ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಏಳೆಂಟು ಗೂಡುಗಳ ಎಳೆ ಕೂಡಿಸಿ ಬಿಚ್ಚಿದ 20/22 ಡೆನಿಯರ್ ನೂಲು ಶಿಡ್ಲಘಟ್ಟದಲ್ಲಿ ಎಲ್ಲರಿಗೂ ಗೊತ್ತು. ಕೂದಲನ್ನೂ ಹೀಗೆ ಅಳೆಯಬಹುದು, ಕಷ್ಟವೇನಿಲ್ಲ. ತಾನಾಗಿ ಉದುರಿದ ಉದ್ದನೆಯ ನೂರು ಎಳೆಗಳನ್ನು ಎಣಿಸಿಕೊಳ್ಳಬೇಕು. ತೊಳೆದು ಒಣಗಿಸಿ, ಬುಡದ ಕಡೆಯಿಂದ ಒಂದೊಂದನ್ನೂ ಸರಿಯಾಗಿ 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಬೇಕು. ಒಟ್ಟು 10 ಮೀಟರ್ ಆಯಿತು. ಮಿಲಿಗ್ರಾಂ ತೋರಿಸುವ ಚಿನ್ನದಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ, ಬಂದ ಮಿಲಿಗ್ರಾಂ ಅಂಕಿಯನ್ನು 0.9ರಿಂದ ಗುಣಿಸಿದರೆ ಡೆನಿಯರ್ ಸಿಗುತ್ತದೆ. ಎಣ್ಣೆ ಹಚ್ಚಿದ ಕೂದಲನ್ನು ಹಾಗೆಯೇ ತೂಗಿದರೆ ಲೆಕ್ಕ ಕೆಡುತ್ತದೆ.

ಹುಡುಗಿಗೆ ಈ ಕೆಲಸ ಹಿಡಿಸಿತು. ಮನೆಗೆ ಹೋಗಿ ತನ್ನದನ್ನೂ ತಾಯಿಯದನ್ನೂ ಎಣಿಸಿ, ತೂಗಿಸಿಕೊಂಡು ಮುಂದಿನ ಸಲ ಬಂದಳು. ಅವಳ ನೂರು ಎಳೆ 28 ಮಿಲಿಗ್ರಾಂ, ಅಂದರೆ 25 ಡೆನಿಯರ್. ಅವಳ ಒಂದು ಕೂದಲು ಅವಳ ಮಾವಂದಿರು ಬಿಚ್ಚುವ ರೇಷ್ಮೆ ನೂಲಿಗಿಂತ ತುಸುವೇ ದಪ್ಪ! ತಾಯಿಯ ನೂರು ಎಳೆ 62 ಮಿಲಿಗ್ರಾಂ, ಸುಮಾರು 56 ಡೆನಿಯರ್. ಅಡ್ಡಳತೆಗೆ ಇಳಿಸಿದರೆ ಮಗಳದು ಸುಮಾರು 52 ಮೈಕ್ರಾನ್, ತಾಯಿಯದು 77. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಡ್ಡಳತೆಯ ವ್ಯತ್ಯಾಸ ಮೂರರಲ್ಲೊಂದು ಪಾಲು ಮಾತ್ರ. ಆದರೆ ಜಡೆ ತುಂಬುವುದು ಅಡ್ಡಳತೆಯ ವರ್ಗದ ಲೆಕ್ಕದಲ್ಲಿ. ಆದ್ದರಿಂದ ಇಬ್ಬರ ತಲೆಯಲ್ಲೂ ಅಷ್ಟೇ ಕೂದಲಿದ್ದರೂ ಮಗಳ ಜಡೆಯ ತೂಕ ತಾಯಿಯದರ ಅರ್ಧಕ್ಕಿಂತ ಕಡಿಮೆ ಬರುತ್ತದೆ. ಈ ನವಿರು ಅವಳಿಗೆ ಬಹುಶಃ ತಂದೆಯ ಕಡೆಯಿಂದ ಬಂದದ್ದು. ಅದು ರೋಗವಲ್ಲ, ಅದಕ್ಕೆ ಔಷಧವೂ ಬೇಕಿಲ್ಲ.

ಇನ್ನೊಂದು ಅಳತೆ ಇದಕ್ಕಿಂತ ಸುಲಭ, ಇದಕ್ಕಿಂತ ಮುಖ್ಯ. ಕೂದಲನ್ನೆಲ್ಲ ಹಿಂದಕ್ಕೆ ಸೇರಿಸಿ ಕಟ್ಟಿ, ಬುಡದ ಸುತ್ತಳತೆಯನ್ನು ದಾರದಿಂದ ಅಳೆಯುವುದು. ಈ ಸುತ್ತಳತೆಯನ್ನು ಪಕ್ಕದ ಮನೆಯವರದರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಹೋಲಿಸಬೇಕಾದದ್ದು ನಮ್ಮದೇ ಹಳೆಯ ಸುತ್ತಳತೆಯ ಜೊತೆ. ದಾರದಲ್ಲಿ ಅಳೆದಿಟ್ಟವರು ಯಾರೂ ಇರುವುದಿಲ್ಲ, ಆದರೆ ರಬ್ಬರ್ ಬ್ಯಾಂಡು ಎಷ್ಟು ಸುತ್ತು ಬರುತ್ತಿತ್ತು ಎಂಬುದು ಹೆಂಗಸರಿಗೆ ಚೆನ್ನಾಗಿ ನೆನಪಿರುತ್ತದೆ. ಮಗಳನ್ನು ಕೇಳಿದೆ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮೂರು ಸುತ್ತು, ಈಗಲೂ ಮೂರೇ ಸುತ್ತು ಎಂದಳು. ಅಂದರೆ ಅವಳು ಏನನ್ನೂ ಕಳೆದುಕೊಂಡಿಲ್ಲ.

"ನಿಮಗೆ ಎಷ್ಟು ಸುತ್ತು ಬರ್ತಿತ್ತಮ್ಮ?" ಎಂದು ತಾಯಿಯನ್ನು ಕೇಳಿದೆ. "ಮದುವೆ ಹೊತ್ತಲ್ಲಿ ಎರಡು ಸುತ್ತೇ ಕಷ್ಟವಾಗ್ತಿತ್ತು" ಎಂದರು. "ಈಗ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಮೂರು" ಎಂದರು.

ಎರಡು ಸುತ್ತು ಬರುತ್ತಿದ್ದ ಬ್ಯಾಂಡು ಮೂರು ಸುತ್ತು ಬಂದರೆ ಸುತ್ತಳತೆ ಮೂರರಲ್ಲಿ ಎರಡು ಪಾಲಿಗೆ ಇಳಿದಿದೆ. ಜಡೆಯ ಒಳಗಿನ ಕೂದಲು ಒಂಬತ್ತರಲ್ಲಿ ನಾಲ್ಕು ಪಾಲಿಗೆ ಇಳಿದಿದೆ. ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿದೆ. ಬ್ಯಾಂಡು ಎಳೆದರೆ ಹಿಗ್ಗುತ್ತದೆ, ಹಾಗಾಗಿ ಇದು ಒರಟು ಲೆಕ್ಕ. ಆದರೂ ದಿಕ್ಕು ತಪ್ಪುವುದಿಲ್ಲ. ಇವತ್ತು ತಾಯಿ ಮಗಳಿಬ್ಬರ ಜಡೆಗೂ ಮೂರೇ ಸುತ್ತು. ಮಗಳದು ಹುಟ್ಟಿನಿಂದ ಬಂದ ಕೂದಲೆಲ್ಲ ಇದ್ದು ಎಳೆ ನವಿರಾದ ಜಡೆ. ತಾಯಿಯದು ಎಳೆ ದಪ್ಪವಿದ್ದು ಕೂದಲು ಕರಗಿಹೋಗುತ್ತಿರುವ ಜಡೆ. ಚಿಕಿತ್ಸೆ ಬೇಕಾಗಿದ್ದದ್ದು ಕವರ್ ಹಿಡಿದು ಬಂದ ತಾಯಿಗೆ.

ಇದು ಅಪರೂಪವಲ್ಲ ಎಂಬುದನ್ನು ಒತ್ತಿ ಹೇಳಬೇಕು. ದಪ್ಪ ಎಳೆಯವರಲ್ಲಿ ಅರ್ಧದಷ್ಟು ಕೂದಲು ಹೋಗುವವರೆಗೂ ನೋಡುವವರ ಕಣ್ಣಿಗೆ ಬೀಳದೆ ಇರಬಹುದು. ನವಿರು ಎಳೆಯವರು ಮಾತ್ರ ಏನೂ ಆಗದಿದ್ದರೂ ಎಲ್ಲರಿಂದ ಮಾತು ಕೇಳುತ್ತಾರೆ, ಎಣ್ಣೆ ಮಾತ್ರೆಗಳಿಗೆ ದುಡ್ಡು ಸುರಿಯುತ್ತಾರೆ.

ತಾಯಿಯ ತಲೆಯನ್ನು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡಿದೆ. ಹಿಂದಲೆಯಲ್ಲಿ ಎಳೆಗಳೆಲ್ಲ ಒಂದೇ ದಪ್ಪ. ನೆತ್ತಿಯ ಮೇಲೆ, ಬೈತಲೆಯ ಎರಡೂ ಬದಿಗೆ, ಒಂದು ದಪ್ಪ ಎಳೆಯ ಪಕ್ಕದಲ್ಲಿ ಒಂದು ಸಪೂರ ಎಳೆ, ಅದರ ಪಕ್ಕದಲ್ಲಿ ಕಂಡೂ ಕಾಣದಂಥ ನವಿರು. ಬೈತಲೆ ಹಣೆಯ ಕಡೆ ಅಗಲವಾಗಿ, ಹಿಂದಕ್ಕೆ ಹೋದಂತೆ ಕಿರಿದಾಗಿತ್ತು. ಹೆಂಗಸರಲ್ಲಿ ವಂಶಪಾರಂಪರ್ಯವಾಗಿ ಬರುವ ಕೂದಲು ನಷ್ಟದ ಚಹರೆಯೇ ಇದು. ಇದರಲ್ಲಿ ಕೂದಲಿನ ಚೀಲವೇ ಸುತ್ತು ಸುತ್ತಿಗೂ ಕುಗ್ಗುತ್ತದೆ. ಬೆಳೆಯುವ ಅವಧಿ ವರ್ಷಗಳಿಂದ ತಿಂಗಳುಗಳಿಗೆ ಇಳಿದು, ಹೊಸ ಕೂದಲು ಹಿಂದಿನದಕ್ಕಿಂತ ಸಪೂರವಾಗಿ, ಗಿಡ್ಡವಾಗಿ ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹುಟ್ಟು ನವಿರಿನಲ್ಲಿ ತಲೆಯ ಎಲ್ಲ ಕಡೆಯ ಎಳೆಗಳೂ ಒಂದೇ ಸಮನೆ ತೆಳು. ರೋಗದಿಂದ ಬಂದ ನವಿರಿನಲ್ಲಿ ನೆತ್ತಿಯ ಮೇಲೆ ದಪ್ಪ ತೆಳು ಬೆರೆತಿರುತ್ತವೆ. ರಬ್ಬರ್ ಬ್ಯಾಂಡಿನ ಲೆಕ್ಕಕ್ಕೆ ಈ ಭೇದ ತಿಳಿಯುವುದಿಲ್ಲ, ಅದಕ್ಕೆ ಕನ್ನಡಿಯೇ ಬೇಕು.

ಮೂರನೆಯ ಬಗೆಯೊಂದನ್ನು ಇಲ್ಲಿ ಸೇರಿಸಬೇಕು, ಏಕೆಂದರೆ ಹೆಚ್ಚು ಗಾಬರಿ ಹುಟ್ಟಿಸುವುದು ಅದೇ. ಡೆಂಗಿ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ಇವುಗಳಾದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಆ ಪೆಟ್ಟಿಗೆ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಒಟ್ಟಿಗೇ ಕಳಚುತ್ತವೆ. ಅಷ್ಟು ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ, ತಪ್ಪೆಲ್ಲ ಹೊಸ ಶಾಂಪೂ ಮೇಲೆ ಬೀಳುತ್ತದೆ. ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ರಕ್ತದ ಹಿಮೋಗ್ಲೋಬಿನ್, ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್ ಇವನ್ನು ನೋಡಿಸಬೇಕು. ಆ ಪರೀಕ್ಷೆಗೆ ಹೋಗುವ ಮೊದಲು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ಸುಳ್ಳಾಗಿಸಬಲ್ಲದು. ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಕೂದಲು ದಪ್ಪವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನ ಮಾತೂ ಬರುತ್ತದೆ. "ಬೋರ್ ನೀರಿಂದಲೇ ಕೂದಲು ಹೋಯ್ತು" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಗಡಸು ನೀರಿನ ಸುಣ್ಣದ ಅಂಶ ಎಳೆಯ ಮೇಲೆ ಕೂರುತ್ತದೆ, ಕೂದಲು ಒರಟಾಗಿ ಸಿಕ್ಕಾಗುತ್ತದೆ, ಎಳೆದು ಬಾಚಿದರೆ ಮುರಿಯುತ್ತದೆ. ಚೀಲದೊಳಗಿನ ಬುಡವನ್ನು ಅದು ಕೀಳುವುದಿಲ್ಲ. ಹಾಳೆಯ ಮೇಲಿನ ಎರಡನೆಯ ಗುಂಪು, ಗಂಟಿಲ್ಲದ ತುಂಡುಗಳು, ಹೆಚ್ಚಿದ್ದರೆ ಆಗ ನೀರು, ಬಾಚಣಿಗೆ, ಬಿಸಿ ಯಂತ್ರ ಇವುಗಳ ಕಡೆ ನೋಡಿ. ಮಳೆ ನೀರು ಹಿಡಿದಿಟ್ಟಿದ್ದರೆ ಕಡೆಯ ತೊಳೆತಕ್ಕೆ ಅದನ್ನು ಬಳಸಬಹುದು.

ತಿರುಪತಿಯಲ್ಲಿ ಮುಡಿ ಕೊಟ್ಟರೆ ಕೂದಲು ದಪ್ಪವಾಗಿ ಬರುತ್ತದೆ ಎಂದು ತಾಯಿ ಮಗಳ ಬಗ್ಗೆ ಹೇಳಿದರು. ಹರಕೆ ಸಲ್ಲಿಸುವುದು ಅವರವರ ಭಕ್ತಿ. ದಪ್ಪವಾಗುತ್ತದೆ ಎಂಬುದು ಮಾತ್ರ ನಿಜವಲ್ಲ. ತಲೆಯ ಚೀಲಗಳ ಸಂಖ್ಯೆ ಹುಟ್ಟುವ ಮೊದಲೇ ನಿಗದಿಯಾಗಿರುತ್ತದೆ, ಕ್ಷೌರದ ಕತ್ತಿ ಚರ್ಮದ ಕೆಳಗೆ ಇಳಿಯುವುದಿಲ್ಲ. ಹೊಸದಾಗಿ ಬರುವ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ, ದಪ್ಪಗಿರುವಂತೆ ತೋರುತ್ತದೆ ಅಷ್ಟೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. "ರೋಗ ಇಲ್ಲ ಸರಿ ಮೇಡಂ, ಆದ್ರೆ ತುಂಬಿದ ಹಾಗೆ ಕಾಣೋಕೆ ಏನು ಮಾಡ್ಲಿ?" ಇದು ನ್ಯಾಯವಾದ ಪ್ರಶ್ನೆ. ನವಿರು ಎಳೆಯ ಕಷ್ಟ ಏನೆಂದರೆ ಅದಕ್ಕೆ ತನ್ನ ಭಾರವನ್ನೇ ಎತ್ತಿ ನಿಲ್ಲುವ ಬಿಗಿ ಇಲ್ಲ. ಸ್ವಲ್ಪ ಎಣ್ಣೆ ಹತ್ತಿದರೂ ಎಳೆಗಳು ಒಂದಕ್ಕೊಂದು ಅಂಟಿ ಜೊಂಪೆ ಜೊಂಪೆಯಾಗುತ್ತವೆ, ನಡುವೆ ನೆತ್ತಿ ಕಾಣುತ್ತದೆ. ಆ ಹುಡುಗಿ ದಿನವೂ ಬೆಳಗ್ಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಒಂದೇ ಬೈತಲೆ ತೆಗೆದು, ಸೊಂಟದವರೆಗಿನ ಜಡೆ ಹೆಣೆಯುತ್ತಿದ್ದಳು. ಮೂರೂ ಅವಳಿಗೆ ಹೊಂದದ ಪದ್ಧತಿಗಳು.

ಎಣ್ಣೆಯನ್ನು ಪೂರ್ತಿ ಬಿಡಬೇಕಿಲ್ಲ. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು, ತೊಳೆಯುವಾಗ ಆಗುವ ಸವೆತವನ್ನು ಕಡಿಮೆ ಮಾಡುತ್ತದೆ. ತಲೆಗೆ ನೀರು ಹಾಕುವ ಒಂದೆರಡು ಗಂಟೆ ಮೊದಲು, ಚಮಚದಷ್ಟು, ಉದ್ದಕ್ಕೆ ಸವರಿ, ಸೀಗೆಕಾಯಿಯಿಂದಲೋ ಮೆದು ಶಾಂಪೂವಿನಿಂದಲೋ ಪೂರ್ತಿ ತೆಗೆದುಬಿಡಬೇಕು. ಹರಳೆಣ್ಣೆ ಇಂಥ ಕೂದಲಿಗೆ ಬೇಡ. ಅದು ತೀರ ಮಂದ, ಬೇಗ ಬಿಡುವುದಿಲ್ಲ. ವಾರಕ್ಕೆ ಒಂದು ಸಲದ ಬದಲು ಎರಡು ಮೂರು ಸಲ ತೊಳೆಯಬೇಕು, ತೊಳೆದ ದಿನವೇ ನವಿರು ಕೂದಲು ಚೆನ್ನಾಗಿ ನಿಲ್ಲುವುದು. ಕಂಡೀಷನರ್ ಹಚ್ಚುವುದಾದರೆ ಕಿವಿಯಿಂದ ಕೆಳಗೆ ಮಾತ್ರ. ಒದ್ದೆ ಇರುವಾಗ ಜಡೆ ಹೆಣೆದರೆ ನೆತ್ತಿಯ ಮೇಲೆ ಚಪ್ಪಟೆಯಾಗಿಯೇ ಒಣಗುತ್ತದೆ. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಬೆರಳಿನಿಂದ ಬುಡವನ್ನು ಎತ್ತುತ್ತ ಒಣಗಿಸಿಕೊಂಡರೆ ಬುಡ ಎದ್ದು ನಿಲ್ಲುತ್ತದೆ. ವರ್ಷಗಟ್ಟಲೆ ಒಂದೇ ಕಡೆ ತೆಗೆದ ಬೈತಲೆಯನ್ನು ಒಂದಂಗುಲ ಪಕ್ಕಕ್ಕೆ ಸರಿಸಿದರೆ ಆ ಕ್ಷಣವೇ ಕೂದಲು ತುಂಬಿಕೊಂಡಂತೆ ಕಾಣುತ್ತದೆ.

ಉದ್ದದ ಮಾತಿಗೆ ತಾಯಿ ಒಪ್ಪಲು ಸಮಯ ಹಿಡಿಯಿತು. ನವಿರು ಕೂದಲು ಸೊಂಟದವರೆಗೆ ಬೆಳೆದಾಗ ತುದಿ ಐದಾರು ವರ್ಷ ಹಳೆಯದಾಗಿರುತ್ತದೆ, ಅಷ್ಟರಲ್ಲಿ ಎಷ್ಟೋ ಎಳೆ ನಡುವೆ ಮುರಿದು, ತುದಿಯಲ್ಲಿ ಇಲಿಬಾಲದಷ್ಟೇ ಉಳಿಯುತ್ತದೆ. ಭುಜದಿಂದ ನಾಲ್ಕು ಬೆರಳು ಕೆಳಗೆ, ಮೆಟ್ಟಿಲು ಮೆಟ್ಟಿಲು ಮಾಡದೆ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಅಂಚು ತುಂಬಿದಂತೆ ಕಾಣುತ್ತದೆ. ಮದುವೆ, ಹಬ್ಬಕ್ಕೆ ಉದ್ದ ಜಡೆ ಬೇಕೆಂದರೆ ಅಜ್ಜಿಯರು ಬಳಸುತ್ತಿದ್ದ ಚೌರಿಯೇ ಒಳ್ಳೆಯ ಉಪಾಯ. ಅದನ್ನು ಕತ್ತಿನ ಕೆಳಗೆ, ಹೆಣಿಗೆಯೊಳಗೆ ಸೇರಿಸಬೇಕು. ಬುಡಕ್ಕೆ ಬಿಗಿಯಾಗಿ ಕಟ್ಟಿ, ಮೇಲೆ ಮೊಳಗಟ್ಟಲೆ ಹೂವಿನ ಭಾರ ಹೇರಿ ದಿನವಿಡೀ ಇದ್ದರೆ, ಹೀಗೆ ದಿನವೂ ಎಳೆದರೆ, ಹಣೆಯಂಚಿನ ಮತ್ತು ಕಿವಿಯ ಮೇಲಿನ ಚೀಲಗಳು ಸೋಲುತ್ತವೆ. ಬಹಳ ವರ್ಷ ಎಳೆದರೆ ಅಲ್ಲಿ ಮತ್ತೆ ಬೆಳೆಯುವುದಿಲ್ಲ. ಆಗ ನವಿರು ಕೂದಲಿನವರಿಗೂ ನಿಜವಾದ ನಷ್ಟ ಅಂಟಿಕೊಳ್ಳುತ್ತದೆ.

ತಾಯಿಗೆ ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಇದ್ದ ಕಬ್ಬಿಣಾಂಶಕ್ಕೆ ಮಾತ್ರೆ ಕೊಟ್ಟು, ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಆರಂಭಿಸಿದೆ. ರಕ್ತದೊತ್ತಡದ ಮಾತ್ರೆಯಾಗಿ ಬಂದ ಈ ಔಷಧದಿಂದ ಮೈಮೇಲೆ ಕೂದಲು ಬೆಳೆಯುವುದನ್ನು ಕಂಡು, ನಂತರ ತಲೆಗೆ ಹಚ್ಚುವ ದ್ರವ ಮಾಡಿದರು. ಇದನ್ನು ಹಚ್ಚತೊಡಗಿದ ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು. ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ ಹಾಗಾಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲೇ. ನಾಲ್ಕರಿಂದ ಆರು ತಿಂಗಳು ಹಚ್ಚದೆ ಗುಣ ಇದೆಯೋ ಇಲ್ಲವೋ ಹೇಳಲಾಗದು. ಗುಣ ಕಂಡ ಮೇಲೆ ನಿಲ್ಲಿಸಿದರೆ ಬಂದದ್ದು ಮತ್ತೆ ಹೋಗುತ್ತದೆ. ಬಸುರಿಯರು, ಹಾಲುಣಿಸುವವರು ಇದನ್ನು ಮುಟ್ಟಬಾರದು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಚ್ಚಬಾರದು. ಮದುವೆಯ ದಿನದ ಜಡೆ ಅವರಿಗೆ ಮರಳುತ್ತದೆ ಎಂದು ನಾನು ಹೇಳಲಿಲ್ಲ. ಇನ್ನೂ ಕುಗ್ಗದೆ ಉಳಿದದ್ದನ್ನು ಕಾಪಾಡಬಹುದು, ಕುಗ್ಗಿದವುಗಳಲ್ಲಿ ಕೆಲವನ್ನು ಮತ್ತೆ ದಪ್ಪ ಮಾಡಬಹುದು ಎಂದೆ. ಆರು ತಿಂಗಳ ಮೇಲೆ ಅದೇ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಬೈತಲೆ ಮೊದಲಿನದಕ್ಕಿಂತ ಕಿರಿದಾಗಿತ್ತು.

ಕೇಳುತ್ತಿರುವ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಮಗಳ ಜಡೆಯನ್ನು ನಿಮ್ಮ ಜಡೆಗೆ ಹೋಲಿಸಿ ಅವಳನ್ನು ನೋಯಿಸಬೇಡಿ. ನಾಳೆ ತಲೆ ಬಾಚುವಾಗ ಒಂದು ದಾರ ತೆಗೆದುಕೊಂಡು ಇಬ್ಬರ ಜಡೆಯ ಬುಡವನ್ನೂ ಅಳೆದು, ತಾರೀಖಿನ ಜೊತೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮೂರು ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಸುತ್ತಳತೆ ಇಳಿಯುತ್ತಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ನಾಣ್ಯದಂಥ ಬೋಳು ಮಚ್ಚೆ ಕಂಡರೆ, ನೆತ್ತಿಯಲ್ಲಿ ಉರಿ, ಹೊಟ್ಟಿನ ಪದರ, ಕೀವು ಇದ್ದರೆ ಎಣ್ಣೆ ಬದಲಾಯಿಸುತ್ತ ತಿಂಗಳು ಕಳೆಯಬೇಡಿ, ಚರ್ಮರೋಗ ವೈದ್ಯರಿಗೆ ತೋರಿಸಿ. ಕುಗ್ಗುತ್ತಿರುವ ಚೀಲಕ್ಕೆ ಔಷಧ ತಾಗುತ್ತದೆ. ಪೂರ್ತಿ ಮುಚ್ಚಿಹೋದ ಚೀಲಕ್ಕೆ ತಾಗುವುದಿಲ್ಲ.